ಎರಡು ವಾರ ತಡ: ಸ್ಪಾನ್ಸರ್‌ಗೆ ಬರೆಯುವ ಸ್ಟೇಟಸ್ ಮೇಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಪ್ರಾಜೆಕ್ಟ್ ಮ್ಯಾನೇಜರ್ ಆದವರು ಫೋನಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡು ಉತ್ತರಿಸಿದ್ದೇನೆ. ಇದು ನಾನೇ ಕಟ್ಟಿದ ಉದಾಹರಣೆ, ಆದರೆ ಇಂಥದ್ದು ನಡೆಯದ ಕಂಪನಿ ಕಡಿಮೆ.

ಪೀಣ್ಯದಲ್ಲಿ ಪಂಪ್ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಎಂದುಕೊಳ್ಳಿ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೊಸ ಇಆರ್‌ಪಿಗೆ, ಅಂದರೆ ಖರೀದಿ, ಸ್ಟಾಕ್, ಮಾರಾಟ, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರಿಗೆ, ಹೋಗುತ್ತಿದ್ದಾರೆ. ಗೋ-ಲೈವ್, ಅಂದರೆ ಹೊಸದರಲ್ಲಿ ಕೆಲಸ ಶುರುವಾಗುವ ದಿನ, ನವೆಂಬರ್ 3, 2025ರ ಸೋಮವಾರ ಎಂದು ಒಪ್ಪಿಗೆ ಆಗಿತ್ತು. ಅಕ್ಟೋಬರ್ 9ರ ಗುರುವಾರ ಐಟಂ ಪಟ್ಟಿಯನ್ನು ಮೊದಲ ಸಲ ಹೊಸ ಸಿಸ್ಟಂಗೆ ಹಾಕಿ ನೋಡಿದರು. 6,000 ಐಟಂಗಳಲ್ಲಿ 1,800 ತಿರಸ್ಕಾರ ಆದವು. ಪ್ಲಾನಿನಲ್ಲಿ ಅಂದುಕೊಂಡಿದ್ದದ್ದು 300. ಸ್ಪಾನ್ಸರ್, ಅಂದರೆ ಈ ಪ್ರಾಜೆಕ್ಟಿಗೆ ದುಡ್ಡು ಕೊಟ್ಟು ಕೊನೆಯ ಮಾತು ಹೇಳುವವರು, ಕಂಪನಿಯ ಫೈನಾನ್ಸ್ ಡೈರೆಕ್ಟರ್.

## ಮೊದಲ ಮೇಲ್ ಬರೆಯುವ ಮುಂಚೆ

ತಡ ಆಗತ್ತೆ ಅಂತ ಗೊತ್ತಾದ ಕೂಡಲೇ ಹೇಳಬೇಕಾ, ಅಥವಾ ಪ್ಲಾನ್ ರೆಡಿ ಮಾಡ್ಕೊಂಡು ಹೇಳಬೇಕಾ?

ಎರಡೂ ಬೇಕು, ಆದರೆ ಬೇರೆ ಬೇರೆ ದಾರಿಯಲ್ಲಿ. ಗುರುವಾರ ಸಂಜೆಯೇ ಫೋನ್ ಮಾಡಿ: "ಮೇಡಂ, ಟ್ರಯಲ್ ಲೋಡ್‌ನಲ್ಲಿ ಐಟಂಗಳು ಬಹಳ ತಿರಸ್ಕಾರ ಆಗಿವೆ. ನವೆಂಬರ್ 3 ಕಷ್ಟ. ಎಷ್ಟು ದಿನ ಅನ್ನೋದನ್ನು ನಾಳೆ ಮಧ್ಯಾಹ್ನದೊಳಗೆ ಲೆಕ್ಕ ಹಾಕಿ ಬರೆದು ಕಳಿಸ್ತೀನಿ." ಅಷ್ಟು ಸಾಕು. ಮೇಲ್ ಶುಕ್ರವಾರ ಮಧ್ಯಾಹ್ನ ಹೋಗಬೇಕು.

ಫೋನಿನಲ್ಲಿ ಅಂದಾಜಿಗೂ ದಿನ ಹೇಳಬೇಡಿ. "ಒಂದು ವಾರ ಆಗಬಹುದು" ಎಂದು ಬಾಯಿತಪ್ಪಿ ಬಂದರೆ, ಮರುದಿನ ಎರಡು ವಾರ ಎಂದು ಬರೆದಾಗ ಅವರ ಲೆಕ್ಕದಲ್ಲಿ ನೀವು ಎರಡು ಸಲ ತಡ ಮಾಡಿದಂತೆ. ಇನ್ನೊಂದು ವಿಷಯ: ಶುಕ್ರವಾರ ಸಂಜೆ ಏಳಕ್ಕೆ ಮೇಲ್ ಹಾಕಿ ಫೋನ್ ಎತ್ತದೇ ಇರುವುದು ಬೇಡ. ಎಷ್ಟೋ ಜನ ಹಾಗೆ ಮಾಡುತ್ತಾರೆ, ಮತ್ತು ಅದು ಎಲ್ಲರಿಗೂ ಗೊತ್ತಾಗುತ್ತದೆ.

ಸಬ್ಜೆಕ್ಟ್ ಲೈನಲ್ಲೇ ತಡ ಅಂತ ಬರೆದ್ರೆ ಗಾಬರಿ ಆಗಲ್ವಾ?

ಆಗಲಿ. "ವಾರದ ಸ್ಟೇಟಸ್ ರಿಪೋರ್ಟ್" ಎಂಬ ಹೆಸರಲ್ಲಿ ಬಂದ ಮೇಲ್ ಅನ್ನು ಅವರು ಸೋಮವಾರ ಸಂಜೆ ತೆರೆದರೆ ನಿಮ್ಮ ಒಂದು ದಿನ ಹೋಯಿತು. ಹಳೇ ತಾರೀಖು, ಹೊಸ ತಾರೀಖು, ಅವರಿಂದ ಏನು ಬೇಕು, ಯಾವಾಗ ಬೇಕು, ಈ ನಾಲ್ಕೂ ಸಬ್ಜೆಕ್ಟಿನಲ್ಲೇ ಇರಲಿ.

ಎಲ್ಲರನ್ನೂ ಸಿಸಿ ಹಾಕಬೇಕಾ?

ಮೇಲ್‌ನಲ್ಲಿ ಯಾರ ಕೆಲಸದ ಮಾತು ಬರುತ್ತದೋ ಅವರನ್ನು ಮಾತ್ರ ಹಾಕಿ. ಇಲ್ಲಿ ಸ್ಟೋರ್ಸ್, ಪರ್ಚೇಸ್, ಅಕೌಂಟ್ಸ್ ಮುಖ್ಯಸ್ಥರು. ಕಳಿಸುವ ಮುಂಚೆ ಅವರಿಗೆ ಸಂಬಂಧಿಸಿದ ಸಾಲನ್ನು ಓದಿಸಿ. ಪರ್ಚೇಸ್‌ನವರ ಹುಡುಗನನ್ನು ಅರ್ಧ ದಿನ ಕೇಳುತ್ತಿದ್ದೀರಿ ಎಂಬುದು ಅವರಿಗೆ ಮೊದಲು ಸ್ಪಾನ್ಸರ್ ಮೇಲ್‌ನಲ್ಲಿ ಗೊತ್ತಾದರೆ, ಆ ಹುಡುಗ ನಿಮಗೆ ಸಿಗುವುದಿಲ್ಲ.

ಪೂರ್ತಿ ಮೇಲ್ ಒಂದು ಬರೆದು ತೋರಿಸ್ತೀರಾ?

ಇದು ಶುಕ್ರವಾರದ ಮೇಲ್. ಎರಡು ನಿಮಿಷದಲ್ಲಿ ಓದಿ ಮುಗಿಯಬೇಕು.

> ವಿಷಯ: ಇಆರ್‌ಪಿ ಗೋ-ಲೈವ್ ನವೆಂಬರ್ 3ರ ಬದಲು 17. ಎರಡು ಒಪ್ಪಿಗೆ ಬೇಕು, ಸೋಮವಾರ ಬೆಳಗ್ಗೆಯೊಳಗೆ
>
> ನಮಸ್ಕಾರ ಮೇಡಂ,
>
> ನವೆಂಬರ್ 3ಕ್ಕೆ ಗೋ-ಲೈವ್ ಆಗುವುದಿಲ್ಲ. ಹೊಸ ತಾರೀಖು ನವೆಂಬರ್ 17, ಸೋಮವಾರ. ಹೆಚ್ಚುವರಿ ಖರ್ಚು 4,05,000 ರೂಪಾಯಿ. ಇದು ಕಂಟಿಂಜೆನ್ಸಿಗೆ ಎತ್ತಿಟ್ಟ 5,00,000ದ ಒಳಗೇ ಇದೆ.
>
> ಏನಾಯಿತು: ನಿನ್ನೆಯ ಟ್ರಯಲ್ ಲೋಡ್‌ನಲ್ಲಿ 6,000 ಐಟಂಗಳಲ್ಲಿ 1,800 ತಿರಸ್ಕಾರ ಆದವು. ನಾವು ಅಂದುಕೊಂಡದ್ದು 300. ನಮ್ಮ ತಂಡ ಅಂದಾಜಿಗೆ ತೆಗೆದ ಸ್ಯಾಂಪಲ್ ಹೆಚ್ಚು ಓಡುವ ಐಟಂಗಳದ್ದಾಗಿತ್ತು. ಅವುಗಳ ಮಾಹಿತಿ ಮೊದಲಿಂದಲೂ ಸರಿಯಾಗಿದೆ. ತೊಂದರೆ ಇರುವುದು ಅಪರೂಪಕ್ಕೆ ಓಡುವ ಐಟಂಗಳಲ್ಲಿ.
>
> ಏನೂ ಮಾಡದಿದ್ದರೆ: ಗೋ-ಲೈವ್ ಡಿಸೆಂಬರ್ 8ಕ್ಕೆ ಹೋಗುತ್ತದೆ, ಅಂದರೆ 5 ವಾರ ತಡ.
>
> ಏನು ಮಾಡುತ್ತೇವೆ: ಎರಡು ವರ್ಷದಿಂದ ಓಡದ, ಸ್ಟಾಕ್ ಸೊನ್ನೆ ಇರುವ 600 ಐಟಂಗಳನ್ನು ಹೊಸ ಸಿಸ್ಟಂಗೆ ತರುವುದಿಲ್ಲ. ಉಳಿದ 1,200 ಐಟಂಗಳನ್ನು ಸ್ಟೋರ್ಸ್‌ನ ಒಬ್ಬರು ಮತ್ತು ಪರ್ಚೇಸ್‌ನ ಒಬ್ಬರು ಸೇರಿ ನವೆಂಬರ್ 4ರೊಳಗೆ ಸರಿ ಮಾಡುತ್ತಾರೆ. ನಂತರ 8 ದಿನದ ಯೂಸರ್ ಟೆಸ್ಟಿಂಗ್ ಹಾಗೇ ಇರುತ್ತದೆ. ಅದನ್ನು ಮೊಟಕು ಮಾಡಿಲ್ಲ.
>
> ನಿಮ್ಮಿಂದ ಬೇಕಾದದ್ದು:
> 1. ಪರ್ಚೇಸ್‌ನ ಒಬ್ಬರನ್ನು ಅಕ್ಟೋಬರ್ 13ರಿಂದ ನವೆಂಬರ್ 4ರವರೆಗೆ ದಿನಕ್ಕೆ ಅರ್ಧ ದಿನ ಬಿಟ್ಟುಕೊಡಲು ಒಪ್ಪಿಗೆ. ಪರ್ಚೇಸ್ ಮುಖ್ಯಸ್ಥರೊಂದಿಗೆ ಮಾತಾಡಿದ್ದೇನೆ.
> 2. ಆ 600 ಐಟಂಗಳನ್ನು ಬಿಡಲು ಒಪ್ಪಿಗೆ. ಪಟ್ಟಿ ಲಗತ್ತಿಸಿದ್ದೇನೆ.
>
> ಅಕ್ಟೋಬರ್ 24ರ ಸಂಜೆಗೆ 640 ಐಟಂ ಮುಗಿದಿರಬೇಕು. 560ಕ್ಕಿಂತ ಕಡಿಮೆ ಆಗಿದ್ದರೆ ನವೆಂಬರ್ 17 ಸಾಧ್ಯವಿಲ್ಲ ಎಂದರ್ಥ. ಆಗ ಡಿಸೆಂಬರ್ 1ಕ್ಕೆ ಹೋಗೋಣ ಎಂಬುದು ನನ್ನ ಸಲಹೆ. ಅದಕ್ಕೆ ಹೆಚ್ಚುವರಿ ಖರ್ಚು ಇದೆ, ಆಗ ಬೇರೆಯಾಗಿ ಕೇಳುತ್ತೇನೆ.
>
> ಪ್ರತಿ ಶುಕ್ರವಾರ ಸಂಜೆ ಲೆಕ್ಕ ಕಳಿಸುತ್ತೇನೆ.

"ವಿಷಾದಿಸುತ್ತೇನೆ", "ಕ್ಷಮೆ ಕೋರುತ್ತೇನೆ" ಎಂದು ಇಲ್ಲಿ ಎಲ್ಲೂ ಇಲ್ಲ, ನೋಡಿ. ಫೋನಿನಲ್ಲಿ ಒಮ್ಮೆ "ಸಾರಿ ಮೇಡಂ" ಅಂದರೆ ಆಯಿತು. ಮೇಲ್‌ನಲ್ಲಿ ಅದಕ್ಕೆ ಒಂದು ಪ್ಯಾರಾ ಕೊಟ್ಟರೆ ಅವರು ತೀರ್ಮಾನ ಮಾಡಬೇಕಾದ ಸಾಲು ಸ್ಕ್ರೀನಿನ ಕೆಳಗೆ ಹೋಗುತ್ತದೆ.

## ಕಾರಣ ಮತ್ತು ಲೆಕ್ಕ

ಕಾರಣ ಎಷ್ಟು ಬಿಡಿಸಿ ಹೇಳಬೇಕು? ಸ್ಟೋರ್ಸ್‌ನವರ ಮೇಲೆ ಹಾಕಿದ ಹಾಗೆ ಆಗಲ್ವಾ?

ನಿಮ್ಮ ಅಂದಾಜು ಎಲ್ಲಿ ತಪ್ಪಿತು ಎಂಬುದನ್ನು ಹೇಳಿದರೆ ಹಾಗೆ ಆಗುವುದಿಲ್ಲ. "ಸ್ಟೋರ್ಸ್ ಡೇಟಾ ಸರಿ ಇರಲಿಲ್ಲ" ಎಂಬುದು ನಿಜವೇ. ಆದರೆ ಅದು ಹತ್ತು ವರ್ಷದಿಂದ ಹಾಗೇ ಇತ್ತು, ಅದರಿಂದ ಯಾವ ಪ್ರಾಜೆಕ್ಟೂ ತಡ ಆಗಿರಲಿಲ್ಲ. ತಡ ಆದದ್ದು 300 ಎಂದು ಲೆಕ್ಕ ಹಾಕಿದ್ದರಿಂದ. ದಿನವೂ ಕೈಗೆ ಬರುವ ಐಟಂಗಳಿಂದಲೇ ಸ್ಯಾಂಪಲ್ ತೆಗೆದರೆ ಶೇಕಡಾ 5 ತಪ್ಪು ಸಿಗುತ್ತದೆ. ಪೂರ್ತಿ ಪಟ್ಟಿ ಹಾಕಿದಾಗ ಅದು ಶೇಕಡಾ 30 ಆಯಿತು.

ಸ್ಪಾನ್ಸರ್‌ಗೆ ಈ ಒಂದು ವಾಕ್ಯ ಸಾಕು. ಆದರೆ "ಒಂದು ಐಟಂ ಸರಿ ಮಾಡೋಕೆ ಅಷ್ಟು ಹೊತ್ತು ಯಾಕೆ?" ಎಂದು ಅವರು ಖಂಡಿತ ಕೇಳುತ್ತಾರೆ. ಅದಕ್ಕೆ ಒಂದು ಬೋಲ್ಟ್ ಇಟ್ಟುಕೊಂಡಿರಿ. ಹಳೇ ಸಾಫ್ಟ್‌ವೇರಿನಲ್ಲಿ ಒಂದೇ ಬೋಲ್ಟ್ ಮೂರು ಹೆಸರಲ್ಲಿತ್ತು:

```
HEX BOLT M8X25      KG
M8 x 25 HEX BOLT    NOS
BOLT HEX 8*25       NOS
```

ಇವು ಮೂರೂ ಒಂದೇ ಹೌದಾ ಎಂದು ರ‍್ಯಾಕಿಗೆ ಹೋಗಿ ನೋಡಬೇಕು. ಖರೀದಿ ಕೆಜಿಯಲ್ಲಿ, ಅಸೆಂಬ್ಲಿಗೆ ಕೊಡುವುದು ಎಣಿಕೆಯಲ್ಲಿ. ಹಾಗಾಗಿ 100 ಬೋಲ್ಟ್ ಎಣಿಸಿ ತಕ್ಕಡಿಗೆ ಹಾಕಿ, ಒಂದು ಕೆಜಿಗೆ ಎಷ್ಟು ಬರುತ್ತದೆ ಎಂದು ಬರೆದುಕೊಳ್ಳಬೇಕು. ಆಮೇಲೆ ಎಚ್‌ಎಸ್‌ಎನ್ ಕೋಡ್, ಅಂದರೆ ತೆರಿಗೆಗಾಗಿ ಸರಕನ್ನು ಗುರುತಿಸುವ ನಂಬರ್. ಹಳೇ ಪಟ್ಟಿಯಲ್ಲಿ 4 ಅಂಕಿ ಇದೆ. ವರ್ಷಕ್ಕೆ 5 ಕೋಟಿಗಿಂತ ಹೆಚ್ಚು ವಹಿವಾಟು ಇರುವವರು 6 ಅಂಕಿ ಹಾಕಬೇಕು. ಇದೆಲ್ಲ ಸೇರಿ ಒಂದು ಐಟಂಗೆ ಸುಮಾರು 8 ನಿಮಿಷ. ಎಂಟು ಗಂಟೆಗೆ 60 ಐಟಂ. ಈ ಉದಾಹರಣೆ ಮೇಲ್‌ಗೆ ಬೇಡ, ಅವರು ಫೋನ್ ಮಾಡಿದಾಗ ಹೇಳಿ.

ಎರಡು ವಾರ ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಕೇಳಿದ್ರೆ?

ಕಾಗದದ ಮೇಲೆ ತೋರಿಸುವಂತಿರಬೇಕು. ಹಳೇ ಪ್ಲಾನ್: 300 ಐಟಂ, ದಿನಕ್ಕೆ 60, ಅಂದರೆ 5 ದಿನ. ಅಕ್ಟೋಬರ್ 13ರಿಂದ 17. ಹೊಸದು: 1,200 ಐಟಂ. ಸ್ಟೋರ್ಸ್‌ನವರು ದಿನಕ್ಕೆ 60, ಪರ್ಚೇಸ್‌ನವರು ಅರ್ಧ ದಿನದಲ್ಲಿ 20. ಒಟ್ಟು 80, ಅಂದರೆ 15 ದಿನ. 15ರಲ್ಲಿ 5 ಕಳೆದರೆ 10 ಕೆಲಸದ ದಿನ. ಪ್ರಾಜೆಕ್ಟ್ ತಂಡ ವಾರಕ್ಕೆ 5 ದಿನ ಕೆಲಸ ಮಾಡುವುದರಿಂದ ಇದು 2 ವಾರ.

ಇದನ್ನು ಕ್ಯಾಲೆಂಡರ್ ಮೇಲೆ ಇಟ್ಟು ನೋಡಲೇಬೇಕು, ಏಕೆಂದರೆ ನಡುವೆ ದೀಪಾವಳಿ ಇದೆ. ಅಕ್ಟೋಬರ್ 20 ನರಕ ಚತುರ್ದಶಿ, 22 ಬಲಿಪಾಡ್ಯಮಿ, ಎರಡೂ ರಜೆ. ಆಗ 13ರಿಂದ 17ರವರೆಗೆ 5 ದಿನ, ಹಬ್ಬದ ವಾರದಲ್ಲಿ 21, 23, 24 ಮೂರು ದಿನ, ಮುಂದಿನ ವಾರ 5, ನವೆಂಬರ್ 3 ಮತ್ತು 4 ಸೇರಿ 15. ಟೆಸ್ಟಿಂಗ್ 8 ದಿನ, ನವೆಂಬರ್ 5ರಿಂದ 14. ಗೋ-ಲೈವ್ 17.

ನಾನಾಗಿದ್ದರೆ ಆ 21ನೇ ತಾರೀಖನ್ನು ನಂಬುತ್ತಿರಲಿಲ್ಲ. ಎರಡು ರಜೆಯ ನಡುವಿನ ಮಂಗಳವಾರ. ಊರಿಗೆ ಹೋದವರು ಬರುವುದು ಗುರುವಾರವೇ. ಸ್ಟೋರ್ಸ್‌ನವರನ್ನು ನೇರವಾಗಿ ಕೇಳಿ, ಬರುವುದಿಲ್ಲ ಎಂದರೆ ಬದಲಿಗೆ ಒಂದು ಶನಿವಾರ ಕೇಳಿಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ಶನಿವಾರ ಸ್ಟೋರ್ಸ್ ಹೇಗೂ ತೆರೆದಿರುತ್ತದೆ.

ತಡಕ್ಕೆ ಎಷ್ಟು ದುಡ್ಡು ಅಂತ ಮೇಲ್‌ನಲ್ಲೇ ಹಾಕಬೇಕಾ? ಅವರೇ ಕೇಳ್ಲಿ ಅಂತ ಬಿಡಬಹುದಾ?

ಸ್ಪಾನ್ಸರ್ ಮೊದಲು ಹುಡುಕುವುದೇ ಅದನ್ನು, ಫೈನಾನ್ಸ್‌ನವರಾದರೆ ಕೇಳುವುದೇ ಬೇಡ. ಮೊದಲ ಪ್ಯಾರಾದಲ್ಲೇ ಹಾಕಿ. ಇಲ್ಲಿ ಇಆರ್‌ಪಿ ಹಾಕಿಕೊಡುವ ಕಂಪನಿಯ 3 ಜನ ಇನ್ನೂ 10 ದಿನ ಇರಬೇಕು. ಒಬ್ಬರಿಗೆ ದಿನಕ್ಕೆ 12,000ದಂತೆ 3,60,000. ಹಳೇ ಸಾಫ್ಟ್‌ವೇರಿನ ಸಪೋರ್ಟ್ ಇನ್ನೊಂದು ತಿಂಗಳಿಗೆ 45,000. ಒಟ್ಟು 4,05,000.

ಎರಡನೆಯದನ್ನು ತುಂಬ ಜನ ಮರೆಯುತ್ತಾರೆ. ಹೊಸದು ತಡ ಆದರೆ ಹಳೇದು ಅಷ್ಟು ದಿನ ಜಾಸ್ತಿ ಓಡಬೇಕು, ಅದಕ್ಕೂ ಬಿಲ್ ಬರುತ್ತದೆ. ಕಂಟಿಂಜೆನ್ಸಿಯಲ್ಲಿ ಇನ್ನು 95,000 ಮಾತ್ರ ಉಳಿಯುತ್ತದೆ ಎಂಬುದೂ ಅವರಿಗೆ ಗೊತ್ತಿರಲಿ. ಇನ್ನೊಂದು ಸಲ ತಡವಾದರೆ ಅದು ಸಾಲುವುದಿಲ್ಲ.

## ರಿಕವರಿ ಪ್ಲಾನ್

ರಿಕವರಿ ಅಂದ್ರೆ ಹಳೇ ಡೇಟ್‌ಗೇ ವಾಪಸ್ ಬರೋದು ಅಲ್ವಾ? ನೀವು 17 ಅಂತಾನೇ ಹೇಳ್ತಿದ್ದೀರಲ್ಲ?

ಯಾವುದಕ್ಕೆ ಹೋಲಿಸಿ ನೋಡುತ್ತೀರಿ ಎಂಬುದರ ಮೇಲೆ ಹೋಗುತ್ತದೆ. 1,800 ಐಟಂ, ಒಬ್ಬರೇ, ದಿನಕ್ಕೆ 60: 30 ದಿನ. ಪ್ಲಾನಿಗಿಂತ 25 ದಿನ ಹೆಚ್ಚು, ಅಂದರೆ 5 ವಾರ. ಗೋ-ಲೈವ್ ಡಿಸೆಂಬರ್ 8. ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್, ನವೆಂಬರ್ ತಿಂಗಳದ್ದು ಸಲ್ಲಿಸುವ ಗಡುವು ಡಿಸೆಂಬರ್ 11, ಅಕೌಂಟ್ಸ್‌ನವರಿಗೆ ಉಸಿರಾಡಲೂ ಬಿಡುವಿಲ್ಲದ ವಾರ ಅದು. ಅಲ್ಲಿಂದ 3 ವಾರ ಹಿಂದಕ್ಕೆ ಎಳೆದು 17ಕ್ಕೆ ತಂದಿದ್ದೀರಿ. ಅದೇ ರಿಕವರಿ.

ಅದಕ್ಕೇ ಮೇಲ್‌ನಲ್ಲಿ "ಏನೂ ಮಾಡದಿದ್ದರೆ" ಎಂಬ ಸಾಲು ಬೇಕೇ ಬೇಕು. ಅದಿಲ್ಲದೆ ಬರೀ "ಎರಡು ವಾರ ತಡ, ಇಬ್ಬರನ್ನು ಹಾಕುತ್ತೇವೆ" ಎಂದರೆ, ಇಬ್ಬರನ್ನು ಹಾಕಿಯೂ ಎರಡು ವಾರವೇ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

600 ಐಟಂ ಬಿಟ್ಟುಬಿಡೋದು ಸರಿನಾ? ಆಮೇಲೆ ಆಡಿಟರ್ ಕೇಳಿದ್ರೆ?

ಬಿಡುವುದು ಹೊಸ ಸಿಸ್ಟಂನಿಂದ ಮಾತ್ರ. ಹಳೇ ಸಾಫ್ಟ್‌ವೇರ್ ನೋಡುವುದಕ್ಕಷ್ಟೇ ತೆರೆದಿರುತ್ತದೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಹಾಗಾಗಿ ಹೇಗೂ ಅದನ್ನು ಅಳಿಸುವಂತಿಲ್ಲ.

ಆದರೆ ಯಾವುದನ್ನು ಬಿಡುವುದು ಎಂಬ ನಿಯಮ ಗಟ್ಟಿಯಾಗಿರಬೇಕು. "ಬೇಡದ ಐಟಂ" ಎಂದು ಬರೆದರೆ ಯಾರಿಗೆ ಬೇಡದ್ದು ಎಂಬ ಜಗಳ ಶುರುವಾಗುತ್ತದೆ. "ಎರಡು ವರ್ಷದಿಂದ ಖರೀದಿ, ಮಾರಾಟ, ಇಶ್ಯೂ ಯಾವುದೂ ಇಲ್ಲ, ಸ್ಟಾಕ್ ಸೊನ್ನೆ, ಬಾಕಿ ಪರ್ಚೇಸ್ ಆರ್ಡರ್ ಇಲ್ಲ" ಎಂದರೆ ವಾದಕ್ಕೆ ಜಾಗ ಇಲ್ಲ. ಪಟ್ಟಿಯನ್ನು ಸರ್ವಿಸ್ ವಿಭಾಗಕ್ಕೆ ಒಮ್ಮೆ ತೋರಿಸಿ. ಹಳೇ ಪಂಪಿನ ಬಿಡಿಭಾಗ ಮೂರು ವರ್ಷಕ್ಕೊಮ್ಮೆ ಕೇಳುವ ಗಿರಾಕಿ ಅವರಿಗೆ ಗೊತ್ತಿರುತ್ತಾರೆ. ಅಂಥ ಐಟಂ ಬೇಕಾದಾಗ ಹೊಸದಾಗಿ ಸೇರಿಸಿದರಾಯಿತು, ಎಂಟು ನಿಮಿಷದ ಕೆಲಸ.

ಜನ ಜಾಸ್ತಿ ಹಾಕಿ, ಬೇಗ ಮುಗಿಸಿ ಅಂತಾರೆ. ಏನು ಹೇಳ್ಲಿ?

ಇಲ್ಲ ಎನ್ನಬೇಡಿ, ಲೆಕ್ಕ ತೋರಿಸಿ. ಪರ್ಚೇಸ್‌ನವರು ಅರ್ಧ ದಿನದ ಬದಲು ಇಡೀ ದಿನ ಬಂದರು ಎಂದುಕೊಳ್ಳಿ. 20ರ ಬದಲು 35 ಆಗಬಹುದು, 40 ಅಲ್ಲ. ಅನುಮಾನ ಬಂದಾಗಲೆಲ್ಲ ಅವರು ಸ್ಟೋರ್ಸ್‌ನವರನ್ನೇ ಕೇಳಬೇಕು. ದಿನಕ್ಕೆ 95 ಎಂದರೆ 13 ದಿನದಲ್ಲಿ ಮುಗಿಯುತ್ತದೆ, ಅಕ್ಟೋಬರ್ 31ಕ್ಕೆ. ಟೆಸ್ಟಿಂಗ್ ನವೆಂಬರ್ 12ರ ಬುಧವಾರ ಮುಗಿಯುತ್ತದೆ. ಎರಡು ದಿನ ಉಳಿಯಿತು.

ಆದರೆ ಆ ಎರಡು ದಿನದಿಂದ ಏನೂ ಸಿಗುವುದಿಲ್ಲ. ಗೋ-ಲೈವ್‌ಗೆ ಮುಂಚೆ ಸ್ಟಾಕ್ ಎಣಿಸಬೇಕು. ಅದು ಉತ್ಪಾದನೆ ನಿಂತ ದಿನವೇ ಆಗಬೇಕು, ಅಂದರೆ ಭಾನುವಾರ. ಬುಧವಾರ ಸಿದ್ಧವಾದರೂ ಎಣಿಕೆ 16ನೇ ತಾರೀಖಿಗೇ, ಗೋ-ಲೈವ್ 17ಕ್ಕೇ. ಪರ್ಚೇಸ್‌ನಲ್ಲಿ ಮಾತ್ರ ಒಬ್ಬರು ಮೂರು ವಾರ ಪೂರ್ತಿ ಇಲ್ಲದಂತಾಗುತ್ತದೆ. ಇದನ್ನು ಹೀಗೆ ಹೇಳಿದರೆ ಒಪ್ಪದ ಸ್ಪಾನ್ಸರ್ ಕಡಿಮೆ.

ಹೊರಗಿಂದ ಡೇಟಾ ಎಂಟ್ರಿಯವರನ್ನು ತರೋಣ ಎಂಬ ಸಲಹೆಯೂ ಬರುತ್ತದೆ. ಇಲ್ಲಿ ಟೈಪ್ ಮಾಡುವುದು ಒಂದು ನಿಮಿಷದ ಕೆಲಸ. ಉಳಿದ ಏಳು ನಿಮಿಷ ರ‍್ಯಾಕಿನ ಮುಂದೆ ಹೋಗುತ್ತದೆ, ಯಾವ ಬೋಲ್ಟ್ ಯಾವುದು ಎಂದು ಗೊತ್ತಿರುವವರದ್ದು.

ಟೆಸ್ಟಿಂಗ್ 8 ದಿನ ಯಾಕೆ, 3 ದಿನ ಮಾಡಿ ಅಂದ್ರೆ?

ಹೆಚ್ಚು ಒತ್ತಡ ಬರುವುದು ಇಲ್ಲೇ. ಏಕೆಂದರೆ ಟೆಸ್ಟಿಂಗ್ ದಿನ ಕಡಿಮೆ ಮಾಡಿದರೆ ಅವತ್ತಿಗೆ ಏನೂ ಕೆಡುವುದಿಲ್ಲ. ಕೆಡುವುದು ಗೋ-ಲೈವ್ ದಿನ. "ಗುಣಮಟ್ಟಕ್ಕೆ ಧಕ್ಕೆ" ಎಂದು ಬರೆದರೆ ಯಾರ ಮೇಲೂ ಪರಿಣಾಮ ಆಗುವುದಿಲ್ಲ. ಒಂದು ತಪ್ಪನ್ನು ಹೆಸರಿಟ್ಟು ಹೇಳಿ.

ಇಲ್ಲಿ ಹೇಳಬಹುದಾದ್ದು ಇನ್‌ವಾಯ್ಸ್ ನಂಬರ್. ಜಿಎಸ್‌ಟಿಯಲ್ಲಿ ಇನ್‌ವಾಯ್ಸ್ ನಂಬರ್ 16 ಅಕ್ಷರ ಮೀರುವಂತಿಲ್ಲ. ಹಳೇ ಸಾಫ್ಟ್‌ವೇರಿನದು 15 ಇತ್ತು. ಹೊಸ ಸಿಸ್ಟಂ ತಾನಾಗಿ ಕೊಟ್ಟದ್ದು 19:

```
PNY/25-26/01234
PNYA/2025-26/000123
PN/2526/000123
```

ಮೂರನೆಯದು ಸರಿ ಮಾಡಿದ ಮೇಲೆ, 14 ಅಕ್ಷರ. ಎರಡನೆಯದು ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣುತ್ತದೆ, ಪ್ರಿಂಟೂ ಚೆನ್ನಾಗಿ ಬರುತ್ತದೆ. ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹೋದಾಗ ಮಾತ್ರ ತಿರಸ್ಕಾರ. 2023ರ ಆಗಸ್ಟ್ 1ರಿಂದ 5 ಕೋಟಿಗಿಂತ ಹೆಚ್ಚು ವಹಿವಾಟಿನ ಇಂಥ ಕಾರ್ಖಾನೆಗಳು ಬೇರೆ ವ್ಯಾಪಾರಿಗಳಿಗೆ ಮಾರುವಾಗ ಆ ಪೋರ್ಟಲಿನಿಂದ ಐಆರ್‌ಎನ್, ಅಂದರೆ ಇನ್‌ವಾಯ್ಸ್ ನೋಂದಣಿ ನಂಬರ್, ಪಡೆಯಬೇಕು. ಅದಿಲ್ಲದ ಇನ್‌ವಾಯ್ಸ್‌ಗೆ ಬೆಲೆ ಇಲ್ಲ, ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಇನ್ನು ಐಆರ್‌ಎನ್ ಬಂದ ಮೇಲೆ ರೇಟ್ ತಪ್ಪು ಎಂದು ಗೊತ್ತಾದರೆ, ಪೋರ್ಟಲಿನಲ್ಲಿ ರದ್ದು ಮಾಡಲು ಇರುವುದು 24 ಗಂಟೆ. ರದ್ದಾದ ನಂಬರನ್ನು ಮತ್ತೆ ಬಳಸುವಂತಿಲ್ಲ. ಇಂಥದ್ದನ್ನು ಟೆಸ್ಟ್ ಪೋರ್ಟಲಿನಲ್ಲಿ ನೋಡುವುದಾ, ಗಿರಾಕಿಯ ಲಾರಿ ನಿಲ್ಲಿಸಿಕೊಂಡು ನೋಡುವುದಾ ಎಂದು ಕೇಳಿ.

ನಿಜವಾಗಿ ಮುಂದೆ ಹಾಕಬಹುದಾದ್ದು ಇದ್ದರೆ ನೀವೇ ಹೇಳಿ. ತಿಂಗಳಿಗೊಮ್ಮೆ ನೋಡುವ ರಿಪೋರ್ಟುಗಳು ಗೋ-ಲೈವ್ ದಿನವೇ ಬೇಕಿಲ್ಲ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ತಿಂಗಳ ನಡುವೆ ಯಾಕೆ? ಸುಮ್ನೆ ಡಿಸೆಂಬರ್ 1ಕ್ಕೇ ಹೋದ್ರೆ ನೀಟಾಗಿರಲ್ವಾ?

ಅಕೌಂಟ್ಸ್‌ನವರಿಗೆ ಖಂಡಿತ ನೀಟು. 17ಕ್ಕೆ ಹೋದರೆ ನವೆಂಬರ್‌ನ ಅರ್ಧ ಇನ್‌ವಾಯ್ಸ್ ಹಳೇ ಸಿಸ್ಟಂನಲ್ಲಿ, ಅರ್ಧ ಹೊಸದರಲ್ಲಿ. ಜಿಎಸ್‌ಟಿಆರ್-1ರ 13ನೇ ಟೇಬಲ್‌ನಲ್ಲಿ ಆ ತಿಂಗಳು ಕೊಟ್ಟ ಬಿಲ್ಲುಗಳ ಸರಣಿ ಎಲ್ಲಿಂದ ಎಲ್ಲಿಗೆ ಎಂದು ತೋರಿಸಬೇಕು. ಅಲ್ಲಿ ಎರಡೂ ಸರಣಿ ಬರಬೇಕು. ಮರೆತರೆ ಒಂದು ಸರಣಿ ಅರ್ಧಕ್ಕೇ ನಿಂತಂತೆ ಕಾಣುತ್ತದೆ. ಪಾರ್ಟಿಗಳ ಬಾಕಿಯನ್ನೂ 16ನೇ ತಾರೀಖಿಗೆ ಮುಗಿಸಿ ಹೊಸದಕ್ಕೆ ಹಾಕಬೇಕು. ತಿಂಗಳ ಕೊನೆಯಲ್ಲಿ ಹೇಗೂ ಮಾಡುವ ಕೆಲಸವನ್ನು ನಡುವೆ ಒಂದು ಸಲ ಜಾಸ್ತಿ ಮಾಡಿದಂತೆ.

ಡಿಸೆಂಬರ್ 1ರ ಬೆಲೆ ದುಡ್ಡಿನಲ್ಲಿದೆ. ಮೂವರಲ್ಲಿ ಒಬ್ಬರನ್ನಷ್ಟೇ ಇನ್ನು 10 ದಿನ ಇಟ್ಟುಕೊಂಡರೂ 1,20,000. ಕಂಟಿಂಜೆನ್ಸಿಯಲ್ಲಿ ಉಳಿದದ್ದು 95,000. 25,000 ಕಡಿಮೆ ಬೀಳುತ್ತದೆ. ಅದು ದೊಡ್ಡ ಮೊತ್ತವಲ್ಲ, ಆದರೆ ಬಜೆಟ್ ಮೀರಿದರೆ ಅದಕ್ಕೆ ಬೇರೆ ಒಪ್ಪಿಗೆ ಬೇಕು. ಅದರ ಜೊತೆ ಟೆಸ್ಟಿಂಗ್ ಮಾಡಿ ಕಲಿತವರು ಎರಡು ವಾರ ಹಳೇದರಲ್ಲೇ ಕೆಲಸ ಮಾಡಿದರೆ ಅರ್ಧ ಮರೆಯುತ್ತಾರೆ.

ಈ ಪ್ರಕರಣದಲ್ಲಿ ಅಕೌಂಟ್ಸ್ ಮುಖ್ಯಸ್ಥರು ತಿಂಗಳ ನಡುವಿನ ಕೆಲಸಕ್ಕೆ ಸೈ ಎಂದಿದ್ದಾರೆ ಎಂದುಕೊಂಡಿದ್ದೇನೆ, ಅದಕ್ಕೇ 17. ಅಕೌಂಟ್ಸ್‌ನಲ್ಲಿ ಇಬ್ಬರೇ ಇರುವ ಕಂಪನಿಯಾದರೆ ನಾನು ಡಿಸೆಂಬರ್ 1 ಎಂದೇ ಬರೆಯುತ್ತಿದ್ದೆ. ಆಗ ಸಬ್ಜೆಕ್ಟಿನಲ್ಲಿ ಎರಡು ವಾರ ಅಲ್ಲ, ನಾಲ್ಕು ವಾರ.

ರಿಪೋರ್ಟ್‌ನಲ್ಲಿ ಬಣ್ಣ ಹಾಕ್ಬೇಕು: ಹಳದಿನಾ, ಕೆಂಪಾ?

ಒಪ್ಪಿದ ತಾರೀಖು ಕೈತಪ್ಪಿದೆ, ಹೊಸ ತಾರೀಖಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ: ಕೆಂಪು. ಒಪ್ಪಿಗೆ ಸಿಕ್ಕ ದಿನ ಹಳದಿ ಮಾಡಿ. ಅಕ್ಟೋಬರ್ 24ರ ಲೆಕ್ಕ ಸರಿ ಬಂದ ಮೇಲೆ ಹಸಿರು. "ಪ್ಲಾನ್ ಇದೆಯಲ್ಲ" ಎಂದು ಶುಕ್ರವಾರವೇ ಹಳದಿ ಹಾಕುವುದು ರೂಢಿ, ನನಗೆ ಅದು ಒಪ್ಪಿಗೆ ಇಲ್ಲ. ಕೆಂಪು ಇಲ್ಲದಿದ್ದರೆ ಸೋಮವಾರ ಬೆಳಗ್ಗೆಯೊಳಗೆ ಅವರು ಯಾಕೆ ಉತ್ತರಿಸಬೇಕು?

ಮತ್ತೆ ತಡ ಆಗತ್ತೆ ಅನ್ನೋದು ಮುಂಚೆನೇ ಹೇಗೆ ಗೊತ್ತಾಗತ್ತೆ?

ಎಣಿಸಬಹುದಾದ ಕೆಲಸವನ್ನು ದಿನವೂ ಎಣಿಸಿ. "ಶೇಕಡಾ 60 ಆಗಿದೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊಸ ಸಿಸ್ಟಂಗೆ ತಪ್ಪಿಲ್ಲದೆ ಒಳಗೆ ಹೋದ ಐಟಂ ಮಾತ್ರ ಲೆಕ್ಕಕ್ಕೆ. ಎಕ್ಸೆಲ್‌ನಲ್ಲಿ ಸರಿ ಮಾಡಿಟ್ಟದ್ದು ಅಲ್ಲ, ಏಕೆಂದರೆ ಅದರಲ್ಲೂ ಕೆಲವು ಮತ್ತೆ ತಿರಸ್ಕಾರ ಆಗುತ್ತವೆ.

ಅಕ್ಟೋಬರ್ 24 ಎಂಟನೇ ಕೆಲಸದ ದಿನ. ದಿನಕ್ಕೆ 80ರಂತೆ 640. ಅಂದು 560 ಆಗಿದ್ದರೆ ವೇಗ ದಿನಕ್ಕೆ 70. ಉಳಿದದ್ದು 640 ಐಟಂ, 70ರಂತೆ 9 ದಿನಕ್ಕೂ ಸ್ವಲ್ಪ ಹೆಚ್ಚು. ಇರುವುದು 7 ದಿನ. ಎರಡು ದಿನ ಕಡಿಮೆ ಬಿತ್ತು, ಎರಡು ರಜೆ ದಿನ ಕೂತರೆ ಹೆಚ್ಚುಕಡಿಮೆ ತುಂಬಬಹುದು. 560ಕ್ಕಿಂತ ಕೆಳಗೆ ಹೋದರೆ ಅವೂ ಸಾಲುವುದಿಲ್ಲ. ಅದಕ್ಕೇ ಆ ಅಂಕಿ ಮೊದಲ ಮೇಲ್‌ನಲ್ಲೇ ಇದೆ. ಅದನ್ನು ಮುಂಚೆ ಬರೆದಿಟ್ಟರೆ, 24ರಂದು "ಇನ್ನೊಂದು ವಾರ ನೋಡೋಣ" ಎಂಬ ಮಾತಿಗೆ ಯಾರೂ ಹೋಗುವುದಿಲ್ಲ, ನೀವೂ ಸೇರಿದಂತೆ.

ವಾರದ ಮೇಲ್‌ನಲ್ಲಿ ಮತ್ತೆ ಎಲ್ಲ ಕಥೆ ಬರೀಬೇಕಾ?

ಬೇಡ. ಅಕ್ಟೋಬರ್ 17ರದ್ದು ಇಷ್ಟೇ ಇದ್ದರೆ ಸಾಕು:

> ಗುರಿ 400, ಆಗಿದ್ದು 372. ಪರ್ಚೇಸ್‌ನವರು ಮೊದಲ ಮೂರು ದಿನ ಕೆಲಸ ಕಲಿತರು, ನಿನ್ನೆಯಿಂದ ದಿನಕ್ಕೆ 20 ಬರುತ್ತಿದೆ. ಕಡಿಮೆ ಬಿದ್ದ 28ಕ್ಕೆ 25ರ ಶನಿವಾರ ಅರ್ಧ ದಿನ ಸ್ಟೋರ್ಸ್‌ನವರು ಕೂರುತ್ತಾರೆ. ಗೋ-ಲೈವ್ ನವೆಂಬರ್ 17, ಬದಲಾವಣೆ ಇಲ್ಲ. ಖರ್ಚು ಬದಲಾವಣೆ ಇಲ್ಲ. ನಿಮ್ಮಿಂದ ಏನೂ ಬೇಡ.

ಕೊನೆಯ ವಾಕ್ಯ ಬಿಡಬೇಡಿ. ಏನೂ ಬೇಡದ ವಾರದಲ್ಲಿ ಅದನ್ನು ಹೇಳಿದರೆ, ಬೇಕಾದ ವಾರದಲ್ಲಿ ಅವರು ಗಮನ ಕೊಟ್ಟು ಓದುತ್ತಾರೆ.

ಸೋಮವಾರ ಆದ್ರೂ ಸ್ಪಾನ್ಸರ್ ಉತ್ತರಾನೇ ಕೊಟ್ಟಿಲ್ಲ. ಸುಮ್ನೆ ಶುರು ಮಾಡ್ಲಾ?

ನಿಮ್ಮ ಅಧಿಕಾರದಲ್ಲಿ ಇರುವುದನ್ನು ಶುರು ಮಾಡಿ. ಸ್ಟೋರ್ಸ್‌ನವರು ಸೋಮವಾರದಿಂದ 60ರಂತೆ ಸರಿ ಮಾಡಲು ಯಾರ ಒಪ್ಪಿಗೆಯೂ ಬೇಡ. ಬಿಡಬೇಕು ಎಂದಿರುವ 600ನ್ನು ಪಟ್ಟಿಯ ಕೊನೆಗೆ ತಳ್ಳಿ. ಒಪ್ಪಿಗೆ ಬಂದರೆ ಬಿಟ್ಟರಾಯಿತು, ಬರದಿದ್ದರೂ ಏನೂ ಹಾಳಾಗಿಲ್ಲ.

ಪರ್ಚೇಸ್‌ನವರನ್ನು ಮಾತ್ರ ಒಪ್ಪಿಗೆ ಇಲ್ಲದೆ ಕರೆಯಬೇಡಿ. "ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ" ಎಂದು ಬರೆಯುವುದೂ ಬೇಡ. ಇನ್ನೊಬ್ಬರ ಜನ ಮತ್ತು ಕಂಪನಿಯ ದುಡ್ಡಿನ ವಿಷಯದಲ್ಲಿ ಅದು ನಡೆಯುವುದಿಲ್ಲ. ಹನ್ನೊಂದು ಗಂಟೆಗೆ ಫೋನ್ ಮಾಡಿ, ಅವರು ಮೀಟಿಂಗಿನಲ್ಲಿದ್ದರೆ ಒಂದು ಸಾಲಿನ ಮೆಸೇಜ್ ಹಾಕಿ: "ಮೇಡಂ, ಪರ್ಚೇಸ್‌ನವರು ಸಿಗದ ಪ್ರತಿ ದಿನಕ್ಕೆ 20 ಐಟಂ ಹಿಂದೆ ಬೀಳುತ್ತೇವೆ. ಬುಧವಾರ ದಾಟಿದರೆ 60. ಅಲ್ಲಿಗೆ ಶನಿವಾರ ಒಂದು ಪೂರ್ತಿ ಹೋಗುತ್ತದೆ." ಅವರು "ಓಕೆ" ಎಂದು ಮೆಸೇಜಿನಲ್ಲಿ ಉತ್ತರಿಸಿದರೆ, ಅದನ್ನು ಶುಕ್ರವಾರದ ಮೇಲ್‌ನ ಕೆಳಗೆ ರಿಪ್ಲೈ ಆಗಿ ಬರೆದಿಡಿ: ಇಂಥ ದಿನ, ಇಷ್ಟು ಹೊತ್ತಿಗೆ, ಮೆಸೇಜಿನಲ್ಲಿ ಒಪ್ಪಿಗೆ ಸಿಕ್ಕಿದೆ, ಪರ್ಚೇಸ್‌ನವರು ನಾಳೆಯಿಂದ ಮಧ್ಯಾಹ್ನ ಎರಡರ ಮೇಲೆ ಸ್ಟೋರ್ಸ್‌ನಲ್ಲಿರುತ್ತಾರೆ.